‘ದೇವರ ಆಟ’ಕ್ಕೂ ಷರತ್ತು ಅನ್ವಯ: ಫೋರ್ಸ್ ಮಜ್ಯೂರ್ ಅಂದರೇನು? ಬೆಲೆ ಏರಿತು ಅಂತ ಕರಾರಿನಿಂದ ಹೊರಬರಬಹುದಾ?

2020ರ ಆಗಸ್ಟ್ 27. ಜಿಎಸ್‌ಟಿ ಮಂಡಳಿ ಸಭೆ ಮುಗಿಸಿ ಬಂದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ತೆರಿಗೆ ಸಂಗ್ರಹ ಕುಸಿಯೋದಕ್ಕೆ ಕೋವಿಡ್ ಕಾರಣ, ಅದೊಂದು ‘ಆಕ್ಟ್ ಆಫ್ ಗಾಡ್’ ಅಂದರು. ಆಗ ಅವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದವರು. ಪರಿಹಾರದ ಹಣಕ್ಕೆ ಕಾಯುತ್ತಿದ್ದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ‘ದೇವರ ಆಟ’ ಅಂತ ಟ್ರೋಲ್‌ಗಳು ಬಂದವು, ಮೀಮ್‌ಗಳು ಬಂದವು. ಆದರೆ ಆ ಗಲಾಟೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ದೇವರ ಆಟ ಆದರೆ ಕೊಡಬೇಕಿಲ್ಲ ಅಂತ ಎಲ್ಲಿ ಬರೆದಿದೆ? 2017ರ ಜಿಎಸ್‌ಟಿ ಪರಿಹಾರ ಕಾಯ್ದೆಯಲ್ಲಿ ಅಂಥ ವಿನಾಯಿತಿಯ ಸಾಲು ಇರಲಿಲ್ಲ.

ಫೋರ್ಸ್ ಮಜ್ಯೂರ್ ಬಗ್ಗೆ ಯಾರೇ ಮಾತಾಡಿದರೂ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ. ಎಲ್ಲಿ ಬರೆದಿದೆ?

ಫ್ರೆಂಚ್‌ನಿಂದ ಬಂದ ಈ ಪದಕ್ಕೆ ‘ಮೀರಿದ ಶಕ್ತಿ’ ಅಂತ ಅರ್ಥ. ನಮ್ಮ ಸರ್ಕಾರಿ ಟೆಂಡರ್‌ಗಳಲ್ಲಿ, ಕಾಂಟ್ರಾಕ್ಟರ್ ಕರಾರುಗಳಲ್ಲಿ, ಬಾಡಿಗೆ ಅಗ್ರಿಮೆಂಟ್‌ಗಳಲ್ಲಿ ಕೊನೆಯ ಪುಟಗಳ ಕಡೆ ಇದು ಒಂದು ಷರತ್ತಾಗಿ ಕೂತಿರುತ್ತೆ. ಎರಡೂ ಕಡೆಯವರ ಕೈಮೀರಿದ ಘಟನೆ ನಡೆದು ಕೆಲಸ ಮಾಡೋಕೆ ಆಗದೇ ಹೋದರೆ, ಅಷ್ಟು ಕಾಲ ಮಾಡದೇ ಇದ್ದಿದ್ದಕ್ಕೆ ದಂಡ ಇಲ್ಲ ಅನ್ನೋದು ಅದರ ಸಾರ. ಇದು ತನ್ನಷ್ಟಕ್ಕೇ ಎಲ್ಲರಿಗೂ ಅನ್ವಯ ಆಗುವ ಕಾನೂನಲ್ಲ. ಬರೆದುಕೊಂಡವರಿಗೆ ಇದೆ, ಬರೆದುಕೊಂಡಷ್ಟು ಮಾತ್ರ ಇದೆ.

ಬರೆದುಕೊಳ್ಳದೇ ಇದ್ದರೆ?

ಆಗ ಉಳಿಯೋದು 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ. ಕರಾರು ಆದ ಮೇಲೆ ಆ ಕೆಲಸ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಕರಾರು ಶೂನ್ಯ ಅನ್ನುತ್ತೆ ಅದು. ಷರತ್ತಿಗೂ ಈ ಕಲಮಿಗೂ ದೊಡ್ಡ ವ್ಯತ್ಯಾಸ ಇದೆ. ಷರತ್ತು ಸಾಮಾನ್ಯವಾಗಿ ಕರಾರಿಗೆ ವಿರಾಮ ಕೊಡುತ್ತೆ. ಪ್ರವಾಹ ಇಳಿದ ಮೇಲೆ ಕೆಲಸ ಮುಂದುವರಿಯುತ್ತೆ. 56ನೇ ಕಲಂ ಕರಾರನ್ನೇ ಕೊಲ್ಲುತ್ತೆ. ಅದಕ್ಕೇ ಕೋರ್ಟುಗಳು ಅದನ್ನು ಸುಲಭಕ್ಕೆ ಒಪ್ಪೋದಿಲ್ಲ.

ಎಷ್ಟು ಕಷ್ಟಕ್ಕೆ ಒಪ್ಪುತ್ತವೆ ಅನ್ನೋದಕ್ಕೆ 1953ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸತ್ಯಬ್ರತ ಘೋಷ್ ಪ್ರಕರಣ ನೋಡಿ. ಕಲ್ಕತ್ತಾದ ಢಾಕುರಿಯಾ ಕೆರೆಗಳ ಬಳಿ ಒಂದು ಕಂಪನಿ ಲೇಔಟ್ ಮಾಡಿ ಸೈಟ್ ಮಾರುತ್ತಿತ್ತು. 1940ರಲ್ಲಿ ಒಬ್ಬರು 101 ರೂಪಾಯಿ ಮುಂಗಡ ಕೊಟ್ಟು ಸೈಟ್ ಹಿಡಿದರು. ಮರುವರ್ಷ ಸರ್ಕಾರ ಆ ಜಾಗದ ದೊಡ್ಡ ಭಾಗವನ್ನು ಯುದ್ಧದ ಕೆಲಸಕ್ಕೆ ವಶಕ್ಕೆ ತೆಗೆದುಕೊಂಡಿತು. ರಸ್ತೆ, ಚರಂಡಿ ಮಾಡೋಕೆ ಆಗಲ್ಲ, ಕರಾರು ಮುಗೀತು ಅಂತ ಕಂಪನಿ ಹೇಳಿತು. ಕೋರ್ಟ್ ಒಪ್ಪಲಿಲ್ಲ. ಇಂತಿಷ್ಟು ದಿನದಲ್ಲಿ ಮುಗಿಸಬೇಕು ಅಂತ ಕರಾರಿನಲ್ಲಿ ಇಲ್ಲ, ವಶಕ್ಕೆ ತೆಗೆದುಕೊಂಡಿದ್ದು ತಾತ್ಕಾಲಿಕ, ಕರಾರು ಮಾಡುವಾಗಲೇ ಯುದ್ಧ ನಡೆಯುತ್ತಿತ್ತು ಅನ್ನೋದು ಇಬ್ಬರಿಗೂ ಗೊತ್ತಿತ್ತು. ಅಂದಮೇಲೆ ತಡ ಆಗಿದೆ, ಅಸಾಧ್ಯ ಆಗಿಲ್ಲ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ‘ಅಸಾಧ್ಯ’ ಅಂದರೆ ಭೌತಿಕವಾಗಿ ಅಸಾಧ್ಯ ಅಂತಲೇ ಅಲ್ಲ, ಕರಾರಿನ ಬುನಾದಿಯೇ ಕುಸಿದಿದ್ದರೂ ಸಾಕು. ಇವತ್ತಿಗೂ ಈ ವಿಷಯದ ವಾದಗಳು ಶುರುವಾಗೋದು ಇಲ್ಲಿಂದಲೇ.

ಇಷ್ಟು ತಿಳಿದುಕೊಂಡು ಈಗ ನಿಜವಾದ ಕುಸ್ತಿ ನಡೆದ ಜಾಗಕ್ಕೆ ಹೋಗೋಣ. ಅದು ಗುಜರಾತಿನ ಮುಂದ್ರಾ.

ಇಂಡೋನೇಷ್ಯಾದ ಕಲ್ಲಿದ್ದಲು, ಮುಂದ್ರಾದ ಕರೆಂಟು

2007–08ರ ಸುಮಾರಿಗೆ ಮುಂದ್ರಾ ಕರಾವಳಿಯಲ್ಲಿ ಎರಡು ಭಾರೀ ವಿದ್ಯುತ್ ಯೋಜನೆಗಳಿಗೆ ಕರಾರುಗಳಾದವು. ಒಂದು ಅದಾನಿ ಪವರ್‌ನದ್ದು. ಗುಜರಾತ್ ಮತ್ತು ಹರಿಯಾಣಕ್ಕೆ ಕರೆಂಟ್ ಮಾರೋದು. ಇನ್ನೊಂದು ಟಾಟಾ ಪವರ್‌ನ ಅಂಗಸಂಸ್ಥೆ ಕೋಸ್ಟಲ್ ಗುಜರಾತ್ ಪವರ್‌ನದ್ದು. 4000 ಮೆಗಾವ್ಯಾಟ್, ಗುಜರಾತ್, ಮಹಾರಾಷ್ಟ್ರ, ಹರಿಯಾಣ, ಪಂಜಾಬ್, ರಾಜಸ್ಥಾನ ಈ ಐದು ರಾಜ್ಯಗಳಿಗೆ. ಬಿಡ್ಡಿಂಗ್‌ನಲ್ಲಿ ಟಾಟಾ ಹೇಳಿದ ಸರಾಸರಿ ದರ ಯೂನಿಟ್‌ಗೆ ಸುಮಾರು 2 ರೂಪಾಯಿ 26 ಪೈಸೆ. 25 ವರ್ಷದ ಕರಾರು. ಆ ಕಾಲಕ್ಕೂ ಅದು ಅಗ್ಗವೇ.

ಅಷ್ಟು ಅಗ್ಗ ಹೇಗೆ ಸಾಧ್ಯ ಆಯ್ತು? ಬಿಡ್ ಹಾಕುವವರಿಗೆ ಇಂಧನ ವೆಚ್ಚದ ವಿಷಯದಲ್ಲಿ ಎರಡು ದಾರಿ ಇದ್ದವು. ಕಲ್ಲಿದ್ದಲಿನ ಬೆಲೆ ಸೂಚ್ಯಂಕ ಏರಿದಂತೆ ನಮ್ಮ ದರವೂ ಏರಲಿ ಅಂತ ಕೇಳಬಹುದಿತ್ತು. ಅಥವಾ ಇಷ್ಟೇ ದರ, ಏರಿದರೂ ಇಳಿದರೂ ನಮ್ಮದೇ ಜವಾಬ್ದಾರಿ ಅಂತ ಗಟ್ಟಿ ದರ ಹೇಳಬಹುದಿತ್ತು. ಬಿಡ್‌ನಲ್ಲಿ ಗಟ್ಟಿ ದರದ ಪಾಲು ಹೆಚ್ಚಿದ್ದಷ್ಟೂ ರಿಸ್ಕ್ ಹೆಚ್ಚು, ಆದರೆ ಬಿಡ್ ಗೆಲ್ಲುವ ಅವಕಾಶವೂ ಹೆಚ್ಚು. ಇಂಡೋನೇಷ್ಯಾದಲ್ಲಿ ಆಗ ಕಲ್ಲಿದ್ದಲು ಅಗ್ಗಕ್ಕೆ ಸಿಗುತ್ತಿತ್ತು, ದೀರ್ಘಾವಧಿ ಕರಾರು ಮಾಡಿಕೊಂಡರೆ ಅಂತರರಾಷ್ಟ್ರೀಯ ಬೆಲೆಗಿಂತ ಕಡಿಮೆಗೂ ಸಿಗುತ್ತಿತ್ತು. ಕಂಪನಿಗಳು ಅದನ್ನು ನಂಬಿಕೊಂಡು ಬಿಡ್ ಹಾಕಿದವು.

2010ರ ಸೆಪ್ಟೆಂಬರ್ 23ರಂದು ಇಂಡೋನೇಷ್ಯಾ ಸರ್ಕಾರ ಹೊಸ ನಿಯಮ ತಂತು. ಇನ್ನು ಮುಂದೆ ರಫ್ತಾಗುವ ಕಲ್ಲಿದ್ದಲಿನ ಬೆಲೆ ಅಂತರರಾಷ್ಟ್ರೀಯ ಮಾನದಂಡದ ಬೆಲೆಗೆ ತಕ್ಕಂತೆ ಇರಬೇಕು, ಹಳೇ ಕರಾರುಗಳೂ ಅದಕ್ಕೆ ಹೊಂದಿಕೊಳ್ಳಬೇಕು ಅಂತ. ಒಂದೇ ನಿಯಮದಿಂದ ಅಗ್ಗದ ಕಲ್ಲಿದ್ದಲು ಹೋಯಿತು. ಕಂಪನಿಗಳು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಬಾಗಿಲು ತಟ್ಟಿದವು. ಅವರ ವಾದದ ಒಂದು ಭಾಗ ಹೀಗಿತ್ತು: ಇದು ಫೋರ್ಸ್ ಮಜ್ಯೂರ್. ಬೇರೆ ದೇಶದ ಸರ್ಕಾರ ಕಾನೂನು ಬದಲಿಸಿದ್ದನ್ನು ನಾವು ಊಹಿಸೋಕೆ ಆಗುತ್ತಿರಲಿಲ್ಲ, ತಡೆಯೋಕಂತೂ ಆಗುತ್ತಲೇ ಇರಲಿಲ್ಲ, ಹಳೇ ದರಕ್ಕೆ ಕರೆಂಟ್ ಕೊಟ್ಟರೆ ಮುಳುಗಿ ಹೋಗ್ತೀವಿ.

ಕೇಳಿದರೆ ನ್ಯಾಯ ಅನ್ನಿಸುತ್ತೆ ಅಲ್ವಾ? ಆದರೆ ಇದರಲ್ಲಿ ಯಾರ ದುಡ್ಡು ಇದೆ ಅಂತ ಒಂದು ಸಣ್ಣ ಲೆಕ್ಕ ಮಾಡಿ. 4000 ಮೆಗಾವ್ಯಾಟ್ ಸ್ಥಾವರ ವರ್ಷವಿಡೀ ಶೇ 80ರಷ್ಟು ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 2,800 ಕೋಟಿ ಯೂನಿಟ್ ಆಗುತ್ತೆ. ಯೂನಿಟ್‌ಗೆ ಬರೀ 10 ಪೈಸೆ ಹೆಚ್ಚಿಸಿದರೆ ವರ್ಷಕ್ಕೆ 280 ಕೋಟಿ ರೂಪಾಯಿ. ಕಂಪನಿ ಕೊಡದಿದ್ದರೆ ಅದನ್ನು ಕೊಡೋದು ಐದು ರಾಜ್ಯಗಳ ವಿದ್ಯುತ್ ಗ್ರಾಹಕರು. ಹಾಗಾಗಿ ಒಂದು ಷರತ್ತಿನ ಪದಗಳ ಅರ್ಥ ಏನು ಅನ್ನೋದು ಇಲ್ಲಿ ಬರೀ ವಕೀಲರ ತಲೆನೋವಲ್ಲ.

ಯಾವ ಘಟನೆ ಲೆಕ್ಕಕ್ಕೆ ಬರುತ್ತೆ?

ಈ ವಿದ್ಯುತ್ ಖರೀದಿ ಕರಾರುಗಳ 12ನೇ ವಿಧಿಯೇ ಫೋರ್ಸ್ ಮಜ್ಯೂರ್. ಅದನ್ನು ನಿಧಾನಕ್ಕೆ ಓದಿದರೆ ದೇಶದ ಬೇರೆ ಯಾವ ಕರಾರಿನ ಷರತ್ತನ್ನೂ ಓದೋಕೆ ಬರುತ್ತೆ. ಯಾಕಂದರೆ ಎಲ್ಲದರ ಮೂಳೆಕಟ್ಟು ಹೆಚ್ಚುಕಮ್ಮಿ ಒಂದೇ.

ಮೊದಲು ವ್ಯಾಖ್ಯೆ. ಘಟನೆ ಕೆಲಸವನ್ನು ಪೂರ್ತಿ ಅಥವಾ ಭಾಗಶಃ ತಡೆದಿರಬೇಕು, ಇಲ್ಲವೇ ತಪ್ಪಿಸಲಾಗದಂತೆ ತಡ ಮಾಡಿರಬೇಕು. ಅದು ತೊಂದರೆಗೊಳಗಾದವರ ನಿಯಂತ್ರಣದಲ್ಲಿ ಇರಬಾರದು. ಅವರು ಸಾಕಷ್ಟು ಎಚ್ಚರ ವಹಿಸಿದ್ದರೂ ತಪ್ಪಿಸೋಕೆ ಆಗದಂಥದ್ದಾಗಿರಬೇಕು. ಈ ಮೂರೂ ಒಟ್ಟಿಗೆ ಬೇಕು. ಜನ ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಹಿಡಿದುಕೊಂಡು ‘ನಮ್ಮ ಕೈಲಿರಲಿಲ್ಲ’ ಅಂತಾರೆ. ಕೈಲಿರಲಿಲ್ಲ, ಸರಿ. ಅದು ಕೆಲಸವನ್ನು ತಡೆಯಿತಾ?

ಆಮೇಲೆ ಪಟ್ಟಿ. ಸಿಡಿಲು, ಬರ, ಭೂಕಂಪ, ಭೂಕುಸಿತ, ಪ್ರವಾಹ, ಚಂಡಮಾರುತ, ಯುದ್ಧ, ದೇಶವ್ಯಾಪಿ ಮುಷ್ಕರ ಹೀಗೆ. ಇಲ್ಲಿ ವಿಶೇಷಣಗಳನ್ನು ಬಿಡಬೇಡಿ. ಕೆಟ್ಟ ಹವಾಮಾನ ಅಂತ ಹೇಳಿದರೆ ಸಾಲದು, ಕಳೆದ ನೂರು ವರ್ಷದ ಅಂಕಿಅಂಶವನ್ನು ಮೀರಿರಬೇಕು. ಮುಷ್ಕರ ಇಡೀ ಉದ್ಯಮದ್ದಾಗಿರಬೇಕು; ನಿಮ್ಮದೇ ಕಾರ್ಖಾನೆಯ ಕಾರ್ಮಿಕರು ಕೂತರೆ ಅದು ನಿಮ್ಮ ಸಮಸ್ಯೆ. ಕೇಂದ್ರ ಸರ್ಕಾರದ 2017ರ ಸರಕು ಖರೀದಿ ಕೈಪಿಡಿ ಇನ್ನೂ ಖಾರವಾಗಿದೆ: ನಿರೀಕ್ಷಿತ ಅಥವಾ ಹಂಗಾಮಿನ ಮಳೆ ಫೋರ್ಸ್ ಮಜ್ಯೂರ್ ಅಲ್ಲ ಅಂತ ನೇರವಾಗಿ ಬರೆದಿದೆ. ಜೂನ್‌ನಲ್ಲಿ ಮಳೆ ಬಂತು, ರಸ್ತೆ ಕೆಲಸ ನಿಂತಿತು ಅನ್ನುವ ಕಾಂಟ್ರಾಕ್ಟರ್‌ಗೆ ಇದು ಗೊತ್ತಿದ್ದರೆ ಒಳ್ಳೇದು.

ಮೂರನೆಯದು ಹೊರಗಿಟ್ಟವುಗಳ ಪಟ್ಟಿ. ಮುಂದ್ರಾ ಕರಾರಿನ 12.4ನೇ ಷರತ್ತು. ಯಂತ್ರೋಪಕರಣ, ಸಾಮಗ್ರಿ, ಇಂಧನ ಇವು ಸಿಗದೇ ಹೋಗೋದು, ತಡವಾಗಿ ಸಿಗೋದು, ಅವುಗಳ ಬೆಲೆ ಬದಲಾಗೋದು. ಕಂಪನಿಯ ಬಳಿ ಹಣ ಸಾಲದೇ ಹೋಗೋದು. ಕರಾರು ಪಾಲಿಸೋದು ಹೊರೆಯಾಗೋದು. ಇವು ಯಾವುವೂ ಲೆಕ್ಕಕ್ಕಿಲ್ಲ, ಅವು ತಾವೇ ಇನ್ನೊಂದು ಫೋರ್ಸ್ ಮಜ್ಯೂರ್ ಘಟನೆಯ ಪರಿಣಾಮ ಆಗಿದ್ದರೆ ಹೊರತು. ಈ ಕೊನೆಯ ‘ಹೊರತು’ ಎಂಬ ಕಿಂಡಿಯಿಂದಲೇ ಕಂಪನಿಗಳು ಒಳಗೆ ಬರೋಕೆ ನೋಡಿದ್ದು. ಬೆಲೆ ಏರಿಕೆ ಅಷ್ಟೇ ಆಗಿದ್ದರೆ ಒಪ್ಪುತ್ತಿದ್ದೆವು, ಆದರೆ ಇದು ಇಂಡೋನೇಷ್ಯಾದ ನಿಯಮದಿಂದ ಆದ ಏರಿಕೆ ಅಂತ.

ನನ್ನ ಅನುಭವದಲ್ಲಿ ಜನ ಪಟ್ಟಿಯನ್ನು ಓದ್ತಾರೆ, ಈ ಹೊರಗಿಟ್ಟ ಪಟ್ಟಿಯನ್ನು ಓದೋದಿಲ್ಲ. ಓದೋದು ಉಲ್ಟಾ ಮಾಡಿ. ಮೊದಲು ಏನಿಲ್ಲ ಅಂತ ನೋಡಿ.

ಇನ್ನೂ ಒಂದು ವಿಷಯ: ಷರತ್ತು ಯಾರಿಗೆ ಅನ್ವಯ? 2020ರ ಏಪ್ರಿಲ್‌ನಲ್ಲಿ, ದಕ್ಷಿಣ ಕೊರಿಯಾದಿಂದ ಉಕ್ಕು ತರಿಸಿಕೊಂಡ ಆಮದುದಾರರು ಲಾಕ್‌ಡೌನ್ ಕಾರಣ ಕೊಟ್ಟು ಪಾವತಿ ತಡೆಯಬೇಕು ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಕರಾರು ನೋಡಿದರೆ ಫೋರ್ಸ್ ಮಜ್ಯೂರ್ ರಕ್ಷಣೆ ಇದ್ದಿದ್ದು ಮಾರಾಟಗಾರನಿಗೆ ಮಾತ್ರ. ಮಾರಾಟಗಾರ ಆಗಲೇ ಉಕ್ಕನ್ನು ಹಡಗಿಗೆ ಹಾಕಿದ್ದ. ಮಧ್ಯಂತರ ರಕ್ಷಣೆ ಸಿಗಲಿಲ್ಲ.

ಘಟನೆಗೂ ಕೆಲಸ ನಿಂತಿದ್ದಕ್ಕೂ ಸಂಬಂಧ ಇರಬೇಕು ಅನ್ನೋದೂ ಅಷ್ಟೇ ಮುಖ್ಯ. ರಾಜಸ್ಥಾನದ ತೈಲ ನಿಕ್ಷೇಪಗಳಲ್ಲಿ ವೇದಾಂತ ಕಂಪನಿಗೆ ಬಾವಿ ಕೊರೆದುಕೊಡಬೇಕಿದ್ದ ಹ್ಯಾಲಿಬರ್ಟನ್, ಕೋವಿಡ್‌ನಿಂದ ಮುಗಿಸೋಕೆ ಆಗಲಿಲ್ಲ, ಬ್ಯಾಂಕ್ ಗ್ಯಾರಂಟಿ ನಗದು ಮಾಡಿಕೊಳ್ಳದಂತೆ ತಡೆಯಿರಿ ಅಂತ ದೆಹಲಿ ಹೈಕೋರ್ಟಿಗೆ ಹೋಗಿತ್ತು. 2020ರ ಮೇ 29ರ ತೀರ್ಪಿನಲ್ಲಿ ಕೋರ್ಟ್ ದಿನಾಂಕಗಳನ್ನು ನೋಡಿತು. ಕಂಪನಿ ತಡ ಮಾಡುತ್ತಿದ್ದದ್ದು 2019ರ ಸೆಪ್ಟೆಂಬರ್‌ನಿಂದ. ಲಾಕ್‌ಡೌನ್ ಬಂದಿದ್ದು 2020ರ ಮಾರ್ಚ್‌ನಲ್ಲಿ. ಆಗಲೇ ತಪ್ಪಿದ್ದ ಕೆಲಸಕ್ಕೆ ಆಮೇಲೆ ಬಂದ ರೋಗ ಕಾರಣ ಆಗೋದು ಹೇಗೆ?

ಹಾಗಂತ ಯಾವತ್ತೂ ಗೆಲ್ಲೋದೇ ಇಲ್ಲ ಅಂತಲ್ಲ. ನಮ್ಮದೇ ಹಿರೇಹಳ್ಳಿ ಸೋಲಾರ್ ಪ್ರಕರಣದಲ್ಲಿ ಬೆಸ್ಕಾಂ ವಿರುದ್ಧ ಉತ್ಪಾದಕರೇ ಗೆದ್ದರು. ಕೃಷಿ ಜಮೀನಿನ ಭೂಪರಿವರ್ತನೆ ಮತ್ತಿತರ ಸರ್ಕಾರಿ ಮಂಜೂರಾತಿಗಳು ತಡವಾಗಿದ್ದರಿಂದ ಸ್ಥಾವರ ಶುರುವಾಗೋದು ತಡ ಆಯ್ತು ಅನ್ನೋದು ಅವರ ವಾದ. ಎಷ್ಟು ಪ್ರಯತ್ನಪಟ್ಟರೂ ಅನುಮತಿ ಸಿಗದೇ ಹೋದರೆ ಅದೂ ಫೋರ್ಸ್ ಮಜ್ಯೂರ್ ಅಂತ ಆ ಕರಾರಿನಲ್ಲೇ ಬರೆದಿತ್ತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ನ್ಯಾಯಮಂಡಳಿ ಕೊಟ್ಟಿದ್ದ ಕಾಲಾವಕಾಶವನ್ನು ಎತ್ತಿಹಿಡಿಯಿತು. ಬರೆದಿತ್ತು, ಸಿಕ್ಕಿತು.

ಪತ್ರ ಬರೆದಿರಾ?

ಘಟನೆ ನಿಜ, ಪಟ್ಟಿಯಲ್ಲೂ ಇದೆ, ಕೆಲಸ ನಿಂತಿದ್ದೂ ಅದರಿಂದಲೇ. ಆದರೂ ಸೋಲಬಹುದು, ನೋಟಿಸ್ ಕೊಡದೇ ಇದ್ದರೆ.

ಮುಂದ್ರಾ ಮಾದರಿಯ ಕರಾರುಗಳಲ್ಲಿ ಘಟನೆ ಶುರುವಾಗಿದ್ದು ಗೊತ್ತಾದ ಅಥವಾ ಗೊತ್ತಾಗಬೇಕಿದ್ದ ದಿನದಿಂದ 7 ದಿನದೊಳಗೆ ಎದುರು ಪಕ್ಷಕ್ಕೆ ನೋಟಿಸ್ ಕೊಡಬೇಕು. ಸಂಪರ್ಕವೇ ಕಡಿದುಹೋಗಿದ್ದರೆ ಅದು ಸರಿಯಾದ 1 ದಿನದೊಳಗೆ. ನೋಟಿಸ್‌ನಲ್ಲಿ ಮೂರು ವಿಷಯ ಇರಬೇಕು: ಏನಾಯಿತು, ಅದರಿಂದ ಯಾವ ಕೆಲಸ ನಿಂತಿತು, ಸರಿ ಮಾಡೋಕೆ ಏನು ಮಾಡ್ತಿದ್ದೀರಿ. ಆಮೇಲೆ ಪ್ರಗತಿಯ ವರದಿ ಕೊಡ್ತಾ ಇರಬೇಕು. ಘಟನೆ ಮುಗಿದಾಗ ಮುಗಿಯಿತು ಅಂತ ಇನ್ನೊಂದು ನೋಟಿಸ್ ಕೊಡಬೇಕು. ಈ ನೋಟಿಸ್ ಪರಿಹಾರಕ್ಕೆ ‘ಪೂರ್ವ ಷರತ್ತು’ ಅಂತ ಬರೆದಿದೆ. ಆ ಎರಡು ಪದ ಇದ್ದರೆ ನೋಟಿಸ್ ಬರೀ ಶಿಷ್ಟಾಚಾರ ಅಲ್ಲ, ಬಾಗಿಲಿನ ಕೀಲಿ. ಆ ಪದಗಳು ಇಲ್ಲದ ಕರಾರುಗಳಲ್ಲಿ ತಡವಾಗಿದ್ದನ್ನು ಸಮರ್ಥಿಸಿಕೊಳ್ಳೋಕೆ ಸ್ವಲ್ಪ ಜಾಗ ಇರುತ್ತೆ.

‘ಗೊತ್ತಾಗಬೇಕಿದ್ದ’ ಅನ್ನೋದನ್ನು ಗಮನಿಸಿ. ನಮಗೆ ಸುದ್ದಿಯೇ ಬಂದಿರಲಿಲ್ಲ ಅಂತ ಹೇಳಿ ಗಡಿಯಾರವನ್ನು ನಿಲ್ಲಿಸೋಕೆ ಆಗಲ್ಲ.

ಸರ್ಕಾರಿ ಖರೀದಿಯಲ್ಲೂ ಹೀಗೇ. 2020ರ ಫೆಬ್ರವರಿ 19ರಂದು ಕೇಂದ್ರ ಹಣಕಾಸು ಸಚಿವಾಲಯ, ಚೀನಾದಿಂದ ಸರಕು ಬರೋದು ಕೊರೊನಾದಿಂದ ನಿಂತರೆ ಅದನ್ನು ನೈಸರ್ಗಿಕ ವಿಕೋಪ ಅಂತ ಪರಿಗಣಿಸಿ ಫೋರ್ಸ್ ಮಜ್ಯೂರ್ ಷರತ್ತು ಬಳಸಬಹುದು ಅಂತ ಸುತ್ತೋಲೆ ಹೊರಡಿಸಿತು. ತುಂಬಾ ಜನ ಅದನ್ನು ಸಾರಾಸಗಟು ಮಾಫಿ ಅಂದುಕೊಂಡರು. ಅದು ನೆನಪಿಸಿದ್ದ ಕೈಪಿಡಿಯ ನಿಯಮ ಬೇರೆಯೇ ಹೇಳುತ್ತೆ: ಘಟನೆ ನಡೆದ ಕೂಡಲೇ ನೋಟಿಸ್ ಕೊಡಬೇಕು, ಎಲ್ಲ ಮುಗಿದ ಮೇಲೆ ಹಿಂದಿನದಕ್ಕೆ ಕೇಳುವಂತಿಲ್ಲ. ಷರತ್ತು ಕೆಲಸದಿಂದ ಪೂರ್ತಿ ಬಿಡುಗಡೆ ಕೊಡೋದಿಲ್ಲ, ಆ ಅವಧಿಗೆ ಅಮಾನತಿನಲ್ಲಿ ಇಡುತ್ತೆ ಅಷ್ಟೇ. 90 ದಿನ ದಾಟಿದರೆ ಯಾವ ಪಕ್ಷ ಬೇಕಾದರೂ ಹಣದ ಹೊರೆ ಇಲ್ಲದೆ ಕರಾರು ಮುಗಿಸಬಹುದು.

ಊಹೆಯ ಉದಾಹರಣೆ ಒಂದನ್ನು ತಗೊಳ್ಳೋಣ. ಕಾವೇರಿ ದಡದ ಊರಿನ ಒಬ್ಬ ಬಡಗಿ, ಹಾಸ್ಟೆಲ್ ಒಂದಕ್ಕೆ 200 ಮಂಚಗಳನ್ನು ಆಗಸ್ಟ್ 31ರೊಳಗೆ ಕೊಡಬೇಕು. ಕರಾರಿನಲ್ಲಿ 7 ದಿನದ ನೋಟಿಸ್ ಇದೆ. ಆಗಸ್ಟ್ 9ರ ರಾತ್ರಿ ನದಿ ಉಕ್ಕಿ ವರ್ಕ್‌ಶಾಪ್‌ಗೆ ನೀರು ನುಗ್ಗುತ್ತೆ. 120 ಮಂಚ ಆಗಲೇ ಆಗಿದ್ದವು, ಅವು ಮೇಲಿನ ಗೋಡೌನ್‌ನಲ್ಲಿ ಸುರಕ್ಷಿತವಾಗಿವೆ. ಉಳಿದ 80ರ ಮರ ಹಾಳಾಗಿದೆ. ಅವರು ಸಾಮಾನ್ಯವಾಗಿ ಮಾಡೋದು ಏನು? ವಾರ್ಡನ್‌ಗೆ ಫೋನ್ ಮಾಡಿ ‘ಸರ್, ನೀರು ಬಂದಿದೆ, ಸ್ವಲ್ಪ ತಡ ಆಗುತ್ತೆ’ ಅಂತಾರೆ. ವಾರ್ಡನ್ ‘ಆಯ್ತು ಬಿಡಿ’ ಅಂತಾರೆ. ಅಕ್ಟೋಬರ್‌ನಲ್ಲಿ ಬಿಲ್ ಹಾಕಿದಾಗ ದಂಡ ಕಡಿದು ಹಣ ಬರುತ್ತೆ. ಆಗ ಪ್ರವಾಹದ ಫೋಟೋ ಹಿಡಿದುಕೊಂಡು ಅಲೆದಾಟ ಶುರು.

ಮಾಡಬೇಕಿದ್ದು ಇಷ್ಟು. ಆಗಸ್ಟ್ 16ರೊಳಗೆ, ಕರಾರಿನಲ್ಲಿ ನೋಟಿಸ್‌ಗೆ ಅಂತ ಕೊಟ್ಟ ವಿಳಾಸಕ್ಕೆ, ಅಲ್ಲಿ ಹೇಳಿದ ವಿಧಾನದಲ್ಲೇ ಪತ್ರ. ರಿಜಿಸ್ಟರ್ಡ್ ಪೋಸ್ಟ್ ಅಂದಿದ್ದರೆ ವಾಟ್ಸ್ಯಾಪ್ ಸಾಲದು. ಪತ್ರದಲ್ಲಿ ಷರತ್ತಿನ ಸಂಖ್ಯೆ, ನೀರು ಬಂದ ದಿನ, ಹಾಳಾದ ಮರದ ವಿವರ, ಗ್ರಾಮ ಆಡಳಿತಾಧಿಕಾರಿಯ ಮಹಜರು. 120 ಮಂಚಕ್ಕೆ ತೊಂದರೆ ಇಲ್ಲ, ಅವನ್ನು ಹೇಳಿದ ದಿನಕ್ಕೇ ಕೊಡ್ತೀವಿ. 80ಕ್ಕೆ ಬೇರೆ ಕಡೆಯಿಂದ ಮರ ತರಿಸ್ತಿದ್ದೀವಿ, ಇಷ್ಟು ದಿನ ಹೆಚ್ಚು ಬೇಕು. ವರ್ಕ್‌ಶಾಪ್ ಮತ್ತೆ ಶುರುವಾದ ದಿನ ಇನ್ನೊಂದು ಪತ್ರ. ಈ 120–80ರ ಭಾಗ ಮುಖ್ಯ. ಪ್ರವಾಹ ತಡೆದಿದ್ದು 80ನ್ನು ಮಾತ್ರ. ಆ ನೆಪದಲ್ಲಿ 120ನ್ನೂ ತಡ ಮಾಡಿದರೆ ಅದಕ್ಕೆ ರಕ್ಷಣೆ ಇಲ್ಲ, ಇಡೀ ಪತ್ರದ ಮೇಲಿನ ನಂಬಿಕೆಯೂ ಹೋಗುತ್ತೆ.

ಮರದ ಬೆಲೆ ಪ್ರವಾಹದ ನಂತರ ಒಂದೂವರೆ ಪಟ್ಟು ಆಯ್ತು, ಹೆಚ್ಚು ಹಣ ಕೊಡಿ ಅಂತ ಅವರು ಕೇಳಬಹುದಾ? ಇಲ್ಲ. ಷರತ್ತು ಕೊಡೋದು ಸಮಯ, ಹಣ ಅಲ್ಲ. ಇಲ್ಲಿಂದ ಮತ್ತೆ ಮುಂದ್ರಾಕ್ಕೆ.

ಬೆಲೆ ಏರಿತು. ಅಷ್ಟಕ್ಕೆ?

ಮುಂದ್ರಾ ಪ್ರಕರಣ ಹಾವು ಏಣಿ ಆಟದ ಥರ ಸಾಗಿತು. 2013ರ ಏಪ್ರಿಲ್‌ನಲ್ಲಿ ಕೇಂದ್ರ ಆಯೋಗ, ಇದು ಫೋರ್ಸ್ ಮಜ್ಯೂರ್ ಅಲ್ಲ, ಆದರೂ ಕಂಪನಿಗಳಿಗೆ ‘ಪರಿಹಾರ ದರ’ ಕೊಡೋಣ ಅಂದಿತು. ಅಲ್ಲ ಅಂತ ಹೇಳಿ ಕೊಡೋದು ಹೇಗೆ ಅಂತ ಗ್ರಾಹಕರ ಪರ ಸಂಸ್ಥೆಗಳು, ರಾಜ್ಯಗಳು ಮೇಲ್ಮನವಿಗೆ ಹೋದವು. 2016ರ ಏಪ್ರಿಲ್‌ನಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಪೂರ್ತಿ ಉಲ್ಟಾ ಹೊಡೆಯಿತು: ಇದು ಫೋರ್ಸ್ ಮಜ್ಯೂರೇ. 2017ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್. ಎನರ್ಜಿ ವಾಚ್‌ಡಾಗ್ ಪ್ರಕರಣ ಅಂತಲೇ ಇದು ಪ್ರಸಿದ್ಧ.

ತೀರ್ಪಿನ ತರ್ಕ ಸರಳ. ಕರಾರಿನಲ್ಲೇ ಫೋರ್ಸ್ ಮಜ್ಯೂರ್ ಷರತ್ತು ಇದ್ದರೆ ಮೊದಲು ಅದನ್ನು ನೋಡಬೇಕು, ಅದು 32ನೇ ಕಲಮಿನ ವ್ಯಾಪ್ತಿ. ಕರಾರಿನ ಹೊರಗಿನ ಘಟನೆ ಆಗಿದ್ದರೆ ಮಾತ್ರ 56. ಇಲ್ಲಿ ಷರತ್ತು ಇದೆ, ಅದು ಇಂಧನ ಬೆಲೆಯ ಬದಲಾವಣೆಯನ್ನು, ಹೊರೆಯಾಗೋದನ್ನು ಹೊರಗಿಟ್ಟಿದೆ. ಕಲ್ಲಿದ್ದಲು ಇಂಡೋನೇಷ್ಯಾದಿಂದಲೇ, ಇಂಥದ್ದೇ ಬೆಲೆಗೆ ತರಬೇಕು ಅಂತ ಕರಾರಿನಲ್ಲಿ ಎಲ್ಲೂ ಇಲ್ಲ. ಅಂದಮೇಲೆ ಕರಾರಿನ ಬುನಾದಿ ಹಾಗೇ ಇದೆ. ಬಿಡ್ ಹಾಕುವಾಗ ಬೆಲೆ ಏರಿಕೆಯ ರಿಸ್ಕ್ ತಗೊಂಡವರು ಕಂಪನಿಗಳು. ಏರಿಕೆಗೆ ತಕ್ಕಂತೆ ದರ ಕೇಳುವ ದಾರಿ ಅವರಿಗೂ ತೆರೆದೇ ಇತ್ತು.

ಕೋರ್ಟ್ ತನ್ನ ಹಳೆಯ ತೀರ್ಪುಗಳನ್ನೂ ನೆನಪಿಸಿಕೊಂಡಿತು. ಎರಡನೇ ಮಹಾಯುದ್ಧಕ್ಕೆ ಮೊದಲು, 1937ರಲ್ಲಿ, ಸೇನೆಗೆ ತುಪ್ಪ ಖರೀದಿಸಿ ಕೊಡೋಕೆ ಅಲೋಪಿ ಪ್ರಸಾದ್ ಅಂಡ್ ಸನ್ಸ್ ಎಂಬ ಸಂಸ್ಥೆ ಕರಾರು ಮಾಡಿಕೊಂಡಿತ್ತು. ಯುದ್ಧ ಶುರುವಾಗಿ ಖರ್ಚು ವಿಪರೀತ ಏರಿತು. ಹೆಚ್ಚಿನ ದರ ಕೊಡಿ ಅಂತ ಅವರು ಕೇಳಿದರು. 1960ರಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು. ಬೆಲೆ ಅಸಹಜವಾಗಿ ಏರೋದು, ಇಳಿಯೋದು ಕರಾರಿನ ಬದುಕಿನಲ್ಲಿ ಆಗುವಂಥದ್ದೇ, ಅದರಿಂದ ಕರಾರು ಸಾಯೋದಿಲ್ಲ.

ಇಂಗ್ಲೆಂಡಿನ ಒಂದು ಪ್ರಕರಣವನ್ನೂ ಕೋರ್ಟ್ ಉಲ್ಲೇಖಿಸಿತು, ನನಗೆ ಅದು ತುಂಬಾ ಇಷ್ಟ. 1956ರ ಅಕ್ಟೋಬರ್‌ನಲ್ಲಿ ಸುಡಾನ್‌ನ ಶೇಂಗಾವನ್ನು ಜರ್ಮನಿಯ ಹ್ಯಾಂಬರ್ಗ್‌ಗೆ ಕಳಿಸುವ ಕರಾರಾಯಿತು. ಸಾಗಿಸುವ ಖರ್ಚು ಮಾರುವವರದ್ದು. ನವೆಂಬರ್ 2ರಂದು ಸೂಯೆಜ್ ಕಾಲುವೆ ಮುಚ್ಚಿತು. ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಹೋಗಬೇಕು. ದೂರ ಸುಮಾರು 4,400 ಮೈಲಿಯಿಂದ 11,000 ಮೈಲಿಗೆ, ಬಾಡಿಗೆ ಟನ್ನಿಗೆ ಏಳೂವರೆ ಪೌಂಡಿನಿಂದ 15 ಪೌಂಡಿಗೆ. ಮಾರುವವರು ಕೈಚೆಲ್ಲಿದರು. ಶೇಂಗಾ ಕೆಡುವ ಸರಕಲ್ಲ, ಇಂಥ ದಿನವೇ ತಲುಪಬೇಕು ಅಂತಿಲ್ಲ, ಹಡಗಿಗೆ ಹಾಕೋಕೆ ಯಾವ ತಡೆಯೂ ಇರಲಿಲ್ಲ, ಹೋಗೋಕೆ ದಾರಿ ಇತ್ತು, ದುಬಾರಿ ಅಷ್ಟೇ ಅಂತ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಖರ್ಚು ಎರಡು ಪಟ್ಟಾದರೂ ಕರಾರು ಉಳಿಯಿತು.

ಮುಂದ್ರಾ ತೀರ್ಪಿನಲ್ಲಿ ಕಂಪನಿಗಳು ಒಂದು ಕಡೆ ಮಾತ್ರ ಗೆದ್ದವು. ಕರಾರಿನಲ್ಲಿ ‘ಕಾನೂನಿನ ಬದಲಾವಣೆ’ ಅಂತ ಬೇರೆಯೇ ಒಂದು ವಿಧಿ ಇತ್ತು. ಇಂಡೋನೇಷ್ಯಾದ ಕಾನೂನು ಅದರಲ್ಲಿ ಬರಲ್ಲ, ಯಾಕಂದರೆ ಅಲ್ಲಿ ಕಾನೂನು ಅಂದರೆ ಭಾರತದ ಕಾನೂನು. ಆದರೆ ದೇಶೀಯ ಕಲ್ಲಿದ್ದಲಿನ ಮೇಲೆ ಅವಲಂಬಿಸಿದ್ದ ಮಟ್ಟಿಗೆ, ಭಾರತ ಸರ್ಕಾರವೇ 2013ರಲ್ಲಿ ಹಂಚಿಕೆ ನೀತಿ ಬದಲಿಸಿ ಪೂರೈಕೆ ಕಡಿತ ಮಾಡಿದ್ದು ಕಾನೂನಿನ ಬದಲಾವಣೆ ಅಂತ ಕೋರ್ಟ್ ಒಪ್ಪಿ, ಅಷ್ಟಕ್ಕೆ ಪರಿಹಾರ ಕೊಟ್ಟಿತು. ವಕೀಲರು ಫೋರ್ಸ್ ಮಜ್ಯೂರ್‌ಗಿಂತ ಮೊದಲು ಬೇರೆ ವಿಧಿಗಳನ್ನು ಹುಡುಕೋದು ಇದಕ್ಕೇ. ಬೆಲೆ ಏರಿಕೆಗೆ ಮದ್ದು ಇರೋದು ಬೆಲೆ ವ್ಯತ್ಯಾಸದ ಷರತ್ತಿನಲ್ಲಿ, ಕಾನೂನು ಬದಲಾವಣೆಯ ಷರತ್ತಿನಲ್ಲಿ. ಸಿಮೆಂಟ್, ಕಬ್ಬಿಣ, ಡೀಸೆಲ್ ಏರಿತು ಅಂತ ಅಳುವ ಕಾಂಟ್ರಾಕ್ಟರ್ ಸಹಿ ಹಾಕುವ ಮೊದಲು ಹುಡುಕಬೇಕಿದ್ದದ್ದು ಅದನ್ನು.

ಬಾಡಿಗೆಯವರ ಪ್ರಶ್ನೆಯೂ ಇಲ್ಲೇ ಬರುತ್ತೆ. ಲಾಕ್‌ಡೌನ್‌ನಲ್ಲಿ ವ್ಯಾಪಾರ ಇಲ್ಲ, ಬಾಡಿಗೆ ಕೊಡಲ್ಲ ಅನ್ನಬಹುದಾ? ದೆಹಲಿಯ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ವಿಷಯದಲ್ಲಿ 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು: ಅಗ್ರಿಮೆಂಟ್‌ನಲ್ಲಿ ಅಂಥ ಷರತ್ತು ಇದ್ದರೆ ಅದನ್ನು ನೋಡೋಣ, ಇಲ್ಲದಿದ್ದರೆ ಅಂಗಡಿಯನ್ನು ಕೈಯಲ್ಲಿ ಇಟ್ಟುಕೊಂಡು ಬಾಡಿಗೆ ಮಾತ್ರ ನಿಲ್ಲಿಸುವ ಹಾಗಿಲ್ಲ. ಪಾವತಿಗೆ ಕೆಲವು ವಾರ ಹೆಚ್ಚು ಸಮಯ ಸಿಕ್ಕಿತು, ಮಾಫಿ ಸಿಗಲಿಲ್ಲ. ಬೀಗ ಹಾಕಿದ ಪಿಜಿಗೆ ಬಾಡಿಗೆ ಕಟ್ಟಿದ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಇದು ಕಹಿ ಅನ್ನಿಸಬಹುದು.

ಕೋರ್ಟಿನಲ್ಲಿ ಮುಗಿದ ಮೇಲೆ

ತುಪ್ಪದ ವ್ಯಾಪಾರಿಗೆ, ಶೇಂಗಾ ಮಾರಿದವರಿಗೆ ತೀರ್ಪೇ ಕೊನೆ. ಮುಂದ್ರಾದಲ್ಲಿ ಹಾಗಾಗಲಿಲ್ಲ. ಕಂಪನಿಗಳು ನಷ್ಟದಲ್ಲಿ ಸ್ಥಾವರ ಓಡಿಸೋಕೆ ಆಗಲ್ಲ ಅಂದವು, ಸಾಲ ಕೊಟ್ಟ ಬ್ಯಾಂಕುಗಳು ಗಾಬರಿಯಾದವು. 2018ರಲ್ಲಿ ಗುಜರಾತ್ ಸರ್ಕಾರ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆರ್.ಕೆ. ಅಗರವಾಲ್ ನೇತೃತ್ವದಲ್ಲಿ ಉನ್ನತಾಧಿಕಾರ ಸಮಿತಿ ಮಾಡಿತು. ಸಮಿತಿ ಕರಾರುಗಳನ್ನೇ ತಿದ್ದುಪಡಿ ಮಾಡಿ ಕಲ್ಲಿದ್ದಲು ಬೆಲೆಯ ಒಂದಷ್ಟು ಭಾಗವನ್ನು ದರಕ್ಕೆ ಸೇರಿಸೋಣ ಅಂದಿತು. ಅದೇ ವರ್ಷದ ಕೊನೆಯಲ್ಲಿ ಗುಜರಾತ್ ಅದಾನಿ ಪವರ್ ಜೊತೆ ಪೂರಕ ಕರಾರಿಗೆ ಸಹಿ ಹಾಕಿತು. ಎರಡೂ ಪಕ್ಷ ಒಪ್ಪಿ, ಆಯೋಗದ ಅನುಮತಿ ಪಡೆದು ಕರಾರು ತಿದ್ದಿಕೊಳ್ಳೋದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಬಿಡ್ಡಿಂಗ್‌ನಲ್ಲಿ ಹೆಚ್ಚು ದರ ಹೇಳಿ ಸೋತವರು ಆ ಹೊತ್ತಿಗೆ ಎಲ್ಲೂ ಇರಲಿಲ್ಲ ಅನ್ನೋದು ಬೇರೆ ಮಾತು.

2022ರಲ್ಲಿ ಕಲ್ಲಿದ್ದಲು ಅಭಾವ ಬಂದಾಗ ಕೇಂದ್ರ ಇಂಧನ ಸಚಿವಾಲಯ ಮೇ 5ರಂದು ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ಆಮದು ಕಲ್ಲಿದ್ದಲಿನ ಸ್ಥಾವರಗಳೆಲ್ಲ ಪೂರ್ಣ ಸಾಮರ್ಥ್ಯದಲ್ಲಿ ಓಡಬೇಕು, ಇಂಧನದ ನಿಜವಾದ ಖರ್ಚನ್ನು ಲೆಕ್ಕ ಹಾಕಿ ದರ ಕೊಡಬೇಕು ಅಂತ ನಿರ್ದೇಶನ ಕೊಟ್ಟಿತು. 2017ರಲ್ಲಿ ಕರಾರಿನ 12ನೇ ವಿಧಿಯಲ್ಲಿ ಸಿಗದೇ ಹೋದದ್ದು ಐದು ವರ್ಷಕ್ಕೆ ಇನ್ನೊಂದು ಬಾಗಿಲಿನಿಂದ ಬಂತು.

ಕರ್ನಾಟಕದ ಎಸ್ಕಾಂಗಳ ಬಿಲ್ಲುಗಳಲ್ಲೂ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಅಂತ ಒಂದು ಸಾಲು ಬರುತ್ತೆ. ಉತ್ಪಾದಕರಿಗೆ ಕೊಡುವ ದರ ಏರಿದಾಗ ಅದು ಆ ಸಾಲಿನ ಮೂಲಕವೂ ಗ್ರಾಹಕರವರೆಗೆ ಇಳಿಯುತ್ತೆ.